ಒಂದೇ ಗಾಳಿಗೆ ಎರಡು ಅಂಕಿ: ಎಕ್ಯೂಐ ಲೆಕ್ಕ ಹಾಕುವುದು ಹೇಗೆ

ಜನವರಿಯ ಒಂದು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಸ್ಕ್ರೀನ್‌ಶಾಟ್ ಬಂದವು. ಮೊದಲನೆಯದು ಮೂರನೇ ಮಹಡಿಯ ರಾಯರದು. ಬ್ಯಾಂಕಿನಿಂದ ರಿಟೈರ್ ಆದವರು, ದಿನಾ ವಾಕಿಂಗ್ ಹೋಗುವವರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ನಮ್ಮ ಏರಿಯಾದ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, 112 ಎಂದಿತ್ತು. ಮುಖ್ಯ ಕಾರಣ ಪಿಎಂ 10 ಅಂತಲೂ ಬರೆದಿತ್ತು. ಎರಡನೆಯದು ಎದುರು ಮನೆಯ ಹುಡುಗಿಯ ಫೋನಿನದು. ಯಾವುದೋ ವಿದೇಶಿ ಆ್ಯಪ್. ಅದೇ ಏರಿಯಾ, ಅದೇ ಹೊತ್ತು, ಎಕ್ಯೂಐ 142. ಕಾರಣ ಪಿಎಂ 2.5.

'ಸರ್ಕಾರದವರು ಕಮ್ಮಿ ಮಾಡಿ ತೋರಿಸ್ತಾರೆ ಅಂಕಲ್' ಎಂದು ಅವಳು ಬರೆದಳು. 'ನಿನ್ನ ಆ್ಯಪ್ ಸುಮ್ನೆ ಹೆದರಿಸುತ್ತಮ್ಮ' ಎಂದು ರಾಯರು. ಆಮೇಲೆ ಎಲ್ಲರೂ ಸೇರಿ ನನ್ನನ್ನು ಕೇಳಿದರು. ನಾನು ಸ್ವಲ್ಪ ಕಾಲ ಈ ಅಳತೆಯ ಕೆಲಸದಲ್ಲಿ ಇದ್ದವನು ಅಂತ ಅವರಿಗೆ ಗೊತ್ತು.

ಇಬ್ಬರ ಅಂಕಿಯೂ ಸರಿ ಇತ್ತು. ಅದು ಹೇಗೆ ಅಂತ ಹೇಳುವುದಕ್ಕೆ ಗ್ರೂಪಿನ ಮೆಸೇಜ್ ಸಾಲದು. ಅದಕ್ಕೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ಒಪ್ಪ ಮಾಡಿಕೊಂಡಿದ್ದೇನೆ.

ಯಂತ್ರ ಅಳೆಯುವುದು ಎಕ್ಯೂಐ ಅಲ್ಲ

ಮೊದಲು ಒಂದು ವಿಷಯ. ಎಕ್ಯೂಐ ಅಳೆಯುವ ಯಂತ್ರ ಎಲ್ಲೂ ಇಲ್ಲ. ಮಾಪನ ಕೇಂದ್ರದ ಒಳಗೆ ಹೋದರೆ ಎಸಿ ಹಾಕಿದ ಒಂದು ಚಿಕ್ಕ ಕೋಣೆ, ಅದರಲ್ಲಿ ಬೀರುವಿನಷ್ಟು ಎತ್ತರದ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿದ ಪೆಟ್ಟಿಗೆಗಳು ಕಾಣುತ್ತವೆ. ಒಂದೊಂದು ಪೆಟ್ಟಿಗೆಗೆ ಒಂದೊಂದು ಕೆಲಸ. ಒಂದು ಓಝೋನ್ ಅಳೆಯುತ್ತದೆ, ಒಂದು ಕಾರ್ಬನ್ ಮಾನಾಕ್ಸೈಡ್, ಒಂದು ಗಂಧಕದ ಡೈಆಕ್ಸೈಡ್.

ನನಗೆ ಇಷ್ಟವಾದದ್ದು ಧೂಳು ಅಳೆಯುವ ಯಂತ್ರ. ಛಾವಣಿಯಿಂದ ಇಳಿದ ಕೊಳವೆಯಲ್ಲಿ ಅದು ಗಂಟೆಗೆ ಸುಮಾರು ಒಂದು ಘನ ಮೀಟರ್ ಲೆಕ್ಕದಲ್ಲಿ ಗಾಳಿ ಎಳೆದುಕೊಳ್ಳುತ್ತದೆ. ಕೊಳವೆಯ ತಲೆಯಲ್ಲಿರುವ ಟೋಪಿ ದಪ್ಪ ಕಣಗಳನ್ನು ಹೊರಗೇ ತಡೆಯುತ್ತದೆ. ಒಳಗೆ ಹಳೇ ಟೇಪ್ ರೆಕಾರ್ಡರಿನ ಹಾಗೆ ಬಿಳಿ ಫಿಲ್ಟರ್ ಟೇಪಿನ ಸುರುಳಿ. ಗಾಳಿ ಟೇಪಿನ ಮೂಲಕ ಹಾಯುವಾಗ ಧೂಳು ಅಲ್ಲೇ ಕೂರುತ್ತದೆ. ಆ ಜಾಗದ ಮೂಲಕ ಬೀಟಾ ಕಿರಣ ಬಿಟ್ಟು, ಧೂಳು ಕೂರುವ ಮೊದಲು ಎಷ್ಟು ಕಿರಣ ದಾಟಿತ್ತು, ಕೂತ ಮೇಲೆ ಎಷ್ಟು ದಾಟಿತು ಎಂದು ಯಂತ್ರ ನೋಡುತ್ತದೆ. ಆ ವ್ಯತ್ಯಾಸದಿಂದ ಧೂಳಿನ ತೂಕ ಸಿಗುತ್ತದೆ. ಗಂಟೆಗೊಮ್ಮೆ ಟೇಪ್ ಮುಂದೆ ಸರಿಯುತ್ತದೆ. ಹಳೇ ಟೇಪ್ ಬಿಚ್ಚಿ ನೋಡಿದರೆ ಸಾಲಾಗಿ ದುಂಡು ಚುಕ್ಕೆಗಳು. ನಸುಕಿನ ಚುಕ್ಕೆ ತಿಳಿ ಬೂದು, ಟ್ರಾಫಿಕ್ ಹೊತ್ತಿನದು ಗಾಢ ಬೂದು, ಪಟಾಕಿ ರಾತ್ರಿಯದು ಹೆಚ್ಚುಕಮ್ಮಿ ಕಪ್ಪು.

ಹೀಗೆ ಸಿಗುವುದು ಸಾಂದ್ರತೆ, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ ಎಂಬ ಲೆಕ್ಕ. ಪಿಎಂ 10 ಎಂದರೆ 10 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ರಸ್ತೆ ಧೂಳು, ಕಟ್ಟಡ ಕಟ್ಟುವಲ್ಲಿ ಏಳುವ ಧೂಳು ಇದರಲ್ಲಿ ಜಾಸ್ತಿ. ಪಿಎಂ 2.5 ಅದರೊಳಗಿನ ಇನ್ನೂ ಸಣ್ಣ ಪಾಲು. ಹೊಗೆಯಿಂದ ಬರುವುದು ಹೆಚ್ಚಾಗಿ ಇದೇ, ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇದೇ.

ನಮ್ಮ ಏರಿಯಾದ ಆ ದಿನದ ಪಟ್ಟಿ ಹೀಗಿತ್ತು ಅಂದುಕೊಳ್ಳಿ. ಪಿಎಂ 10 ಘನ ಮೀಟರ್‌ಗೆ 118 ಮೈಕ್ರೋಗ್ರಾಂ, ಪಿಎಂ 2.5 52, ನೈಟ್ರೋಜನ್ ಡೈಆಕ್ಸೈಡ್ 36, ಓಝೋನ್ 60, ಗಂಧಕದ ಡೈಆಕ್ಸೈಡ್ 8, ಅಮೋನಿಯಾ 20. ಕಾರ್ಬನ್ ಮಾನಾಕ್ಸೈಡ್ ಮಾತ್ರ 0.9 ಮಿಲಿಗ್ರಾಂ. ಮೈಕ್ರೋಗ್ರಾಂ ಲೆಕ್ಕದಲ್ಲಿ ಅದು 900!

ಇಲ್ಲೇ ತೊಡಕು ಶುರು. ತೂಕ ನೋಡಿದರೆ ಕಾರ್ಬನ್ ಮಾನಾಕ್ಸೈಡೇ ಎಲ್ಲಕ್ಕಿಂತ ಜಾಸ್ತಿ, ಪಿಎಂ 2.5ರ ಹದಿನೇಳು ಪಟ್ಟು. ಹಾಗಂತ ಅದೇ ದೊಡ್ಡ ವೈರಿಯಾ? ಅಲ್ಲ. ಅದು ಅಷ್ಟಿದ್ದರೂ ಮೈ ತಡೆದುಕೊಳ್ಳುತ್ತದೆ, ಪಿಎಂ 2.5 ಅಷ್ಟಿದ್ದರೆ ತಡೆದುಕೊಳ್ಳುವುದಿಲ್ಲ. ಇವನ್ನೆಲ್ಲ ಹಾಗೇ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವೇ ಇಲ್ಲ.

ರಕ್ತ ಪರೀಕ್ಷೆಯ ರಿಪೋರ್ಟ್ ನೆನಪಿಸಿಕೊಳ್ಳಿ. ಶುಗರ್ 110, ಹಿಮೋಗ್ಲೋಬಿನ್ 13, ಕ್ರಿಯಾಟಿನಿನ್ 0.9. ಹಿಮೋಗ್ಲೋಬಿನ್‌ಗಿಂತ ಶುಗರ್ ಎಷ್ಟೋ ಪಟ್ಟು ಜಾಸ್ತಿ ಅಂತ ಯಾರೂ ಗಾಬರಿಯಾಗುವುದಿಲ್ಲ. ಪಕ್ಕದ ಕಾಲಂನಲ್ಲಿ ಪ್ರತಿಯೊಂದಕ್ಕೂ ಅದರದೇ ಮಿತಿ ಬರೆದಿರುತ್ತದೆ, ನಾವು ಅದರ ಜೊತೆ ಹೋಲಿಸುತ್ತೇವೆ. ಎಕ್ಯೂಐ ಮಾಡುವುದೂ ಅದನ್ನೇ.

ಪ್ರತಿಯೊಂದನ್ನೂ ಒಂದೇ ಅಳತೆಪಟ್ಟಿಗೆ ತರುವುದು

ನಮ್ಮ ದೇಶದ ಈಗಿನ ಎಕ್ಯೂಐ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ಎಂಟು ಮಾಲಿನ್ಯಕಾರಕಗಳಿವೆ. ಮೇಲೆ ಹೇಳಿದ ಏಳರ ಜೊತೆ ಸೀಸ ಎಂಟನೆಯದು. ಸೀಸವನ್ನು ಫಿಲ್ಟರಿನಿಂದ ತೆಗೆದು ಲ್ಯಾಬಿನಲ್ಲಿ ಪರೀಕ್ಷೆ ಮಾಡಬೇಕು. ಹಾಗಾಗಿ ಗಂಟೆಗಂಟೆಗೆ ಬದಲಾಗುವ ಅಂಕಿಯಲ್ಲಿ ಅದು ಇರುವುದಿಲ್ಲ.

ಸೂಚ್ಯಂಕ 0ಯಿಂದ 500ರವರೆಗೆ ಹೋಗುತ್ತದೆ. 50ರ ತನಕ ಉತ್ತಮ, 100ರ ತನಕ ತೃಪ್ತಿಕರ, 200ರ ತನಕ ಮಧ್ಯಮ, 300ರ ತನಕ ಕಳಪೆ, 400ರ ತನಕ ತೀರಾ ಕಳಪೆ, ಅದರಾಚೆ ಗಂಭೀರ. ಇದು ಎಲ್ಲರಿಗೂ ಗೊತ್ತಿರುವ ಭಾಗ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, 100 ಎಂಬುದು ಸುಮ್ಮನೆ ಇಟ್ಟ ದುಂಡು ಅಂಕಿ ಅಲ್ಲ. ನಮ್ಮ ದೇಶದ 2009ರ ಗಾಳಿ ಮಾನದಂಡದಲ್ಲಿ ಪ್ರತಿ ಮಾಲಿನ್ಯಕಾರಕಕ್ಕೂ ಇಷ್ಟನ್ನು ದಾಟಬಾರದು ಎಂಬ ಮಿತಿ ಇದೆ. ಪಿಎಂ 10ಕ್ಕೆ 24 ಗಂಟೆಯ ಸರಾಸರಿ 100 ಮೈಕ್ರೋಗ್ರಾಂ. ಪಿಎಂ 2.5ಕ್ಕೆ 60. ನೈಟ್ರೋಜನ್ ಡೈಆಕ್ಸೈಡಿಗೆ 80. ಕಾರ್ಬನ್ ಮಾನಾಕ್ಸೈಡಿಗೆ ಎಂಟು ಗಂಟೆಯ ಸರಾಸರಿ 2 ಮಿಲಿಗ್ರಾಂ. ಯಾವುದು ತನ್ನ ಮಿತಿಯನ್ನು ಮುಟ್ಟುತ್ತದೋ ಅದಕ್ಕೆ 100. ಹೀಗೆ ಬೇರೆ ಬೇರೆ ತೂಕ, ಬೇರೆ ಬೇರೆ ವಿಷ ಒಂದೇ ಅಳತೆಪಟ್ಟಿಯ ಮೇಲೆ ಬಂದು ಕೂರುತ್ತವೆ.

ಮಧ್ಯದ ಬೆಲೆಗಳಿಗೆ ಏನು ಮಾಡುವುದು? ಪ್ರತಿ ಮಾಲಿನ್ಯಕಾರಕಕ್ಕೂ ಮೆಟ್ಟಿಲುಗಳಿವೆ. ಪಿಎಂ 2.5ರ ಮೆಟ್ಟಿಲು ನೋಡಿ. 30 ಮೈಕ್ರೋಗ್ರಾಂ ಇದ್ದರೆ ಸೂಚ್ಯಂಕ 50, 60 ಇದ್ದರೆ 100, 90ಕ್ಕೆ 200, 120ಕ್ಕೆ 300, 250ಕ್ಕೆ 400. ಪಿಎಂ 10ರ ಮೆಟ್ಟಿಲು ಬೇರೆ: 50ಕ್ಕೆ 50, 100ಕ್ಕೆ 100, 250ಕ್ಕೆ 200, 350ಕ್ಕೆ 300, 430ಕ್ಕೆ 400. ಎರಡು ಮೆಟ್ಟಿಲ ನಡುವೆ ನೇರ ಗೆರೆ ಎಳೆದು, ನಮ್ಮ ಅಂಕಿ ಆ ಗೆರೆಯ ಮೇಲೆ ಎಲ್ಲಿ ಬೀಳುತ್ತದೆ ಅಂತ ನೋಡುವುದು. ಅಷ್ಟೇ. ಹೈಸ್ಕೂಲಿನ ಅನುಪಾತದ ಲೆಕ್ಕ.

```
I = I_lo + (C - B_lo) × (I_hi - I_lo) / (B_hi - B_lo)
```

ಇಲ್ಲಿ `C` ಎಂದರೆ ಅಳೆದ ಸಾಂದ್ರತೆ. `B_lo` ಮತ್ತು `B_hi` ಅದರ ಕೆಳಗಿನ, ಮೇಲಿನ ಮೆಟ್ಟಿಲುಗಳು. `I_lo` ಮತ್ತು `I_hi` ಆ ಮೆಟ್ಟಿಲುಗಳ ಸೂಚ್ಯಂಕ.

ನಮ್ಮ ಪಿಎಂ 10 ಅನ್ನೇ ತೆಗೆದುಕೊಳ್ಳಿ. 118 ಎಂಬುದು 100 ಮತ್ತು 250ರ ನಡುವೆ ಇದೆ. ಆ 150 ಮೈಕ್ರೋಗ್ರಾಂ ದಾರಿಯಲ್ಲಿ ಸೂಚ್ಯಂಕ 100 ಅಂಕ ಏರುತ್ತದೆ. ನಾವು ಬಂದಿರುವುದು 18 ಮೈಕ್ರೋಗ್ರಾಂ ದೂರ.

```
PM10  : 100 + (118 - 100) × 100/150 = 112
PM2.5 :  50 + (52 - 30) × 50/30     = 87
```

ಪಿಎಂ 2.5 ಇರುವುದು 30 ಮತ್ತು 60ರ ನಡುವೆ. ಹಾಗಾಗಿ ಅದಕ್ಕೆ 87. ಹೀಗೆ ಒಂದೊಂದಕ್ಕೂ ಸಿಗುವ ಅಂಕಿಯೇ ಉಪ ಸೂಚ್ಯಂಕ. ಏಳಕ್ಕೂ ಲೆಕ್ಕ ಹಾಕಿದರೆ:

| ಮಾಲಿನ್ಯಕಾರಕ | ಸಾಂದ್ರತೆ | ಉಪ ಸೂಚ್ಯಂಕ |
|---|---|---|
| ಪಿಎಂ 10 | 118 | 112 |
| ಪಿಎಂ 2.5 | 52 | 87 |
| ಓಝೋನ್ | 60 | 60 |
| ನೈಟ್ರೋಜನ್ ಡೈಆಕ್ಸೈಡ್ | 36 | 45 |
| ಕಾರ್ಬನ್ ಮಾನಾಕ್ಸೈಡ್ | 0.9 ಮಿಲಿಗ್ರಾಂ | 45 |
| ಗಂಧಕದ ಡೈಆಕ್ಸೈಡ್ | 8 | 10 |
| ಅಮೋನಿಯಾ | 20 | 5 |

ತೂಕದಲ್ಲಿ ಎಲ್ಲರನ್ನೂ ಮೀರಿಸಿದ್ದ ಕಾರ್ಬನ್ ಮಾನಾಕ್ಸೈಡ್ ಈಗ 45ಕ್ಕೆ ಇಳಿದು ನೈಟ್ರೋಜನ್ ಡೈಆಕ್ಸೈಡಿನ ಪಕ್ಕ ತಣ್ಣಗೆ ಕೂತಿದೆ. ಪಟ್ಟಿಯಲ್ಲಿ ಅತಿ ದೊಡ್ಡದು 112. ರಾಯರು ಕಳಿಸಿದ ಎಕ್ಯೂಐ ಅದೇ. ಮಿಕ್ಕ ಆರು ಅಂಕಿಗಳು ಅಲ್ಲಿಗೆ ಮುಗಿದವು. ಉತ್ತರದಲ್ಲಿ ಅವುಗಳ ಪಾಲು ಸೊನ್ನೆ.

ಸರಾಸರಿ ತೆಗೆದರೆ ಏನಾಗುತ್ತದೆ

ಇದನ್ನು ಹೇಳಿದಾಗ ರಾಯರು ತಕ್ಷಣ ಕೇಳಿದ್ದು ಇದೇ: 'ಏಳು ಅಂಕಿ ಇಟ್ಕೊಂಡು ಆರನ್ನ ಬಿಸಾಕೋದಾ? ಆವರೇಜ್ ತೆಗೀಬಹುದಲ್ಲ ಸಾರ್?'

ತೆಗೆದು ನೋಡೋಣ. ಏಳನ್ನೂ ಕೂಡಿಸಿದರೆ 364. ಏಳರಿಂದ ಭಾಗಿಸಿದರೆ 52. ಅಂದರೆ ಉತ್ತಮಕ್ಕೆ ಬರೀ ಎರಡೇ ಅಂಕ ದೂರ. ಆದರೆ ಆ ದಿನ ಪಿಎಂ 10 ದೇಶದ ಮಿತಿಯನ್ನೇ ದಾಟಿದೆ. ಅಮೋನಿಯಾ ಕಮ್ಮಿ ಇದೆ ಎನ್ನುವ ಕಾರಣಕ್ಕೆ ರಸ್ತೆ ಬದಿಯ ಧೂಳು ಕುಡಿಯುವವನ ಕೆಮ್ಮು ಕಡಿಮೆಯಾಗುವುದಿಲ್ಲ ಅಲ್ವಾ? ಶುಗರ್ 300 ಇರುವವರಿಗೆ, ನಿಮ್ಮ ಮಿಕ್ಕ ಆರು ಪರೀಕ್ಷೆ ಚೆನ್ನಾಗಿವೆ, ಸರಾಸರಿ ನೋಡಿದರೆ ನೀವು ಆರೋಗ್ಯವಂತರು ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಒಂದು ಕೆಟ್ಟ ಅಂಕಿ ಒಳ್ಳೆಯ ಅಂಕಿಗಳ ಗುಂಪಿನಲ್ಲಿ ಮರೆಯಾಗಿ ಹೋಗುವುದು ಸರಾಸರಿಯ ದೋಷ.

ಸರಾಸರಿಗೆ ಇನ್ನೊಂದು ವಿಚಿತ್ರ ಗುಣವೂ ಇದೆ, ಇದು ಕೆಲಸದಲ್ಲಿದ್ದವರಿಗೆ ಬೇಗ ಹೊಳೆಯುತ್ತದೆ. ಯಂತ್ರಗಳು ಕೆಡುತ್ತವೆ. ಆ ದಿನ ಗಂಧಕದ ಡೈಆಕ್ಸೈಡ್ ಮತ್ತು ಅಮೋನಿಯಾ ಪೆಟ್ಟಿಗೆಗಳು ಕೆಟ್ಟು ನಿಂತವು ಅಂದುಕೊಳ್ಳಿ. ಮಿಕ್ಕ ಐದರ ಮೊತ್ತ 349, ಸರಾಸರಿ 70. ಗಾಳಿ ಒಂದಿಷ್ಟೂ ಬದಲಾಗಿಲ್ಲ, ಯಂತ್ರ ಕೆಟ್ಟಿದ್ದಕ್ಕೆ ಸೂಚ್ಯಂಕ 52ರಿಂದ 70ಕ್ಕೆ ಹಾರಿತು! ತಿರುಗಿಸಿ ನೋಡಿದರೆ ಇನ್ನೂ ಮಜಾ: ಹೇಗೂ ಕಮ್ಮಿ ಇರುವ ಇನ್ನೆರಡು ಅನಿಲಗಳನ್ನು ಪಟ್ಟಿಗೆ ಸೇರಿಸಿದರೆ ಸಾಕು, ಊರಿನ ಗಾಳಿ ಕಾಗದದ ಮೇಲೆ ಶುದ್ಧವಾಗುತ್ತದೆ.

ಹಾಗಾದರೆ ಕೂಡಿಸಿ ಬಿಟ್ಟರೆ? 364 ಎಂದರೆ ತೀರಾ ಕಳಪೆ. ಇದು ಉಲ್ಟಾ ತಪ್ಪು. ಏಳೂ 60ರಲ್ಲಿವೆ, ಅಂದರೆ ಒಂದೂ ಮಿತಿ ದಾಟಿಲ್ಲ ಎನ್ನಿ. ಮೊತ್ತ 420, ಗಂಭೀರ. ಏನೂ ಆಗದ ದಿನ ಶಾಲೆಗೆ ರಜೆ ಕೊಡಬೇಕಾಗುತ್ತದೆ.

ಒಂದೇ ಗಾಳಿಗೆ 52, 364, 112 ಎಂಬ ಮೂರು ಉತ್ತರ. ಇವುಗಳಲ್ಲಿ 112 ಮಾತ್ರ ಒಂದು ಸ್ಪಷ್ಟ ಮಾತು ಹೇಳುತ್ತದೆ: ಇವತ್ತು ಕನಿಷ್ಠ ಒಂದು ಮಾಲಿನ್ಯಕಾರಕ ತನ್ನ ಮಿತಿ ದಾಟಿದೆ, ಅದು ಪಿಎಂ 10. ಅದೇ 90 ಬಂದಿದ್ದರೆ, ಅಳೆದವುಗಳಲ್ಲಿ ಒಂದೂ ಮಿತಿ ದಾಟಿಲ್ಲ ಎಂದು ಧೈರ್ಯವಾಗಿ ಹೇಳಬಹುದಿತ್ತು. ಸರಾಸರಿಯಿಂದಾಗಲಿ ಮೊತ್ತದಿಂದಾಗಲಿ ಈ ಮಾತು ಹೇಳಲು ಬರುವುದಿಲ್ಲ. ಅಮೆರಿಕ 1976ರಲ್ಲಿ ತನ್ನ ಸೂಚ್ಯಂಕ ಮಾಡಿದಾಗಲೂ ಅತಿ ಕೆಟ್ಟದ್ದನ್ನೇ ಹಿಡಿದುಕೊಂಡಿತು, ನಾವೂ ಅದೇ ದಾರಿ ಹಿಡಿದೆವು.

ಹಾಗಾಗಿ ಎಕ್ಯೂಐಯನ್ನು ಗಾಳಿಯಲ್ಲಿ ಎಷ್ಟು ಕೊಳೆ ಇದೆ ಎಂಬ ಅಳತೆ ಎಂದುಕೊಂಡರೆ ದಾರಿ ತಪ್ಪುತ್ತದೆ. ತನ್ನ ಮಿತಿಯ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವುದು ಯಾವುದು, ಎಷ್ಟು ಮುಂದೆ ಹೋಗಿದೆ? ಇದು ಉತ್ತರಿಸುವುದು ಅಷ್ಟನ್ನೇ.

142 ಎಲ್ಲಿಂದ ಬಂತು

ಈಗ ಎದುರು ಮನೆ ಹುಡುಗಿಯ ಆ್ಯಪ್. ಅದು ಅಮೆರಿಕದ ಮೆಟ್ಟಿಲುಗಳನ್ನು ಬಳಸುತ್ತದೆ. ಸೂತ್ರ ಅದೇ, ಅತಿ ಕೆಟ್ಟದ್ದನ್ನು ಆರಿಸುವ ಪದ್ಧತಿಯೂ ಅದೇ. ಬೇರೆಯಾಗಿರುವುದು ಮಿತಿ. ಅಲ್ಲಿ ಪಿಎಂ 2.5ರ ದಿನದ ಮಾನದಂಡ 35 ಮೈಕ್ರೋಗ್ರಾಂ, ನಮ್ಮಲ್ಲಿ 60. ಪಿಎಂ 10ಕ್ಕೆ ಅಲ್ಲಿ 150, ನಮ್ಮಲ್ಲಿ 100. ಗಮನಿಸಿ, ಒಂದರಲ್ಲಿ ಅವರು ಬಿಗಿ, ಇನ್ನೊಂದರಲ್ಲಿ ನಾವು ಬಿಗಿ.

ನಮ್ಮ 52 ಮೈಕ್ರೋಗ್ರಾಂ ಪಿಎಂ 2.5 ಅಮೆರಿಕದ ಪಟ್ಟಿಯಲ್ಲಿ 35.5 ಮತ್ತು 55.4ರ ನಡುವೆ ಬೀಳುತ್ತದೆ. ಆ ಮೆಟ್ಟಿಲಿನ ಸೂಚ್ಯಂಕ 101ರಿಂದ 150.

```
PM2.5 : 101 + (52 - 35.5) × 49/19.9 = 142
PM10  :  51 + (118 - 55) × 49/99    = 82
```

ಅದೇ ಗಾಳಿ, ಅದೇ 118, ಅದೇ 52. ನಮ್ಮ ಲೆಕ್ಕದಲ್ಲಿ ಧೂಳು ಮುಂದೆ, ಅವರ ಲೆಕ್ಕದಲ್ಲಿ ಹೊಗೆಯ ಸಣ್ಣ ಕಣ ಮುಂದೆ. ಅಂಕಿ ಬದಲಾಗಿದ್ದು ಮಾತ್ರ ಅಲ್ಲ, ಅಪರಾಧಿಯೇ ಬದಲಾದ. ಯಾರೂ ಸುಳ್ಳು ಹೇಳಿಲ್ಲ. ಇಷ್ಟು ಇದ್ದರೆ ಪರವಾಗಿಲ್ಲ ಎನ್ನುವ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಆ ಗೆರೆ ಪಿಎಂ 2.5ಕ್ಕೆ 24 ಗಂಟೆಗೆ 15 ಮೈಕ್ರೋಗ್ರಾಂ. ನಮ್ಮ ಪಟ್ಟಿಯಲ್ಲಿ 30ರ ತನಕ ಹಸಿರು ಬಣ್ಣದ ಉತ್ತಮ. ನನ್ನ ಅಭಿಪ್ರಾಯ ಕೇಳಿದರೆ, ಪಿಎಂ 2.5 ವಿಷಯದಲ್ಲಿ ನಮ್ಮ ಗೆರೆ ಸಡಿಲ. ಆದರೆ ಅದು ಮಾನದಂಡದ ಜಗಳ. ಲೆಕ್ಕದ ತಪ್ಪಲ್ಲ.

ಇದರಿಂದ ನನಗೆ ಬಂದ ಅಭ್ಯಾಸ ಒಂದಿದೆ. ಎರಡು ಆ್ಯಪ್‌ಗಳ ಎಕ್ಯೂಐಯನ್ನು ನಾನು ಹೋಲಿಸುವುದಿಲ್ಲ. ಮೈಕ್ರೋಗ್ರಾಂ ಹುಡುಕುತ್ತೇನೆ. ಆದರೆ ಅಲ್ಲೂ ಹುಷಾರು. ಕೆಲವು ಪುಟಗಳಲ್ಲಿ ಮಾಲಿನ್ಯಕಾರಕದ ಹೆಸರಿನ ಮುಂದೆ ಇರುವುದು ಸಾಂದ್ರತೆಯಲ್ಲ, ಉಪ ಸೂಚ್ಯಂಕ. ಪಕ್ಕದಲ್ಲಿ `µg/m³` ಅಂತ ಇಲ್ಲದಿದ್ದರೆ ಅದನ್ನು ಮೈಕ್ರೋಗ್ರಾಂ ಅಂತ ಓದಬೇಡಿ.

24 ಗಂಟೆಯ ನೆರಳು

ಹೊರಗೆ ಹೊಗೆ ಕಣ್ಣು ಉರಿಸುತ್ತಿದೆ, ಎಕ್ಯೂಐ ಮಾತ್ರ ತೃಪ್ತಿಕರ ಎನ್ನುತ್ತದೆ. ಈ ದೂರು ಪ್ರತಿ ದೀಪಾವಳಿಗೂ ಬರುತ್ತದೆ. ಇದು ಯಾಕೆ ಅಂತ ಒಂದು ಲೆಕ್ಕ ಮಾಡಿ ನೋಡೋಣ.

ನಮ್ಮ ಎಕ್ಯೂಐಗೆ ಪಿಎಂ 2.5ರ ಈ ಕ್ಷಣದ ಬೆಲೆ ಹೋಗುವುದಿಲ್ಲ, ಹಿಂದಿನ 24 ಗಂಟೆಯ ಸರಾಸರಿ ಹೋಗುತ್ತದೆ. ಓಝೋನ್ ಮತ್ತು ಕಾರ್ಬನ್ ಮಾನಾಕ್ಸೈಡಿಗೆ ಎಂಟು ಗಂಟೆಯದು. ದಿನವಿಡೀ ಪಿಎಂ 2.5 40 ಮೈಕ್ರೋಗ್ರಾಂ ಇತ್ತು, ರಾತ್ರಿ 8ಕ್ಕೆ ಪಟಾಕಿ ಶುರುವಾಗಿ 12ರ ತನಕ 340 ಇತ್ತು ಎಂದುಕೊಳ್ಳಿ. 8 ಗಂಟೆಗೆ ಉಪ ಸೂಚ್ಯಂಕ 67. 9 ಗಂಟೆಗೆ, ಅಂದರೆ ಒಂದು ಗಂಟೆ ಪೂರ್ತಿ ಹೊಗೆ ಕುಡಿದ ಮೇಲೆ, ಸರಾಸರಿ 52.5 ಆಗಿರುತ್ತದೆ. ಉಪ ಸೂಚ್ಯಂಕ 88. ಇನ್ನೂ ತೃಪ್ತಿಕರ! ಬೀದಿಯಲ್ಲಿ ಎದುರಿನ ಮನೆ ಕಾಣುತ್ತಿಲ್ಲ.

ನಡುರಾತ್ರಿ ಹೊತ್ತಿಗೆ ಸರಾಸರಿ 90ಕ್ಕೆ ಏರಿ, ಸೂಚ್ಯಂಕ 200 ಮುಟ್ಟುತ್ತದೆ. ಅಲ್ಲಿಗೆ ಪಟಾಕಿ ಮುಗಿದು ಗಾಳಿ ಮತ್ತೆ 40ಕ್ಕೆ ಬಂತು ಎನ್ನಿ. ಸೂಚ್ಯಂಕ ಇಳಿಯುತ್ತದಾ? ಇಲ್ಲ. ಆ ನಾಲ್ಕು ಕಪ್ಪು ಗಂಟೆಗಳು ಮರುದಿನ ರಾತ್ರಿ 8ರ ತನಕ ಲೆಕ್ಕದ ಕಿಟಕಿಯೊಳಗೇ ಇರುತ್ತವೆ. ಮರುದಿನ ಮಧ್ಯಾಹ್ನ ಬಿಸಿಲು ಹೊಳೆಯುತ್ತಿದ್ದರೂ ಬೋರ್ಡ್ 200 ತೋರಿಸುತ್ತದೆ. ರಾತ್ರಿ 9ಕ್ಕೆ ಮೊದಲ ಕಪ್ಪು ಗಂಟೆ ಕಿಟಕಿಯಿಂದ ಹೊರಬಿದ್ದು 158ಕ್ಕೆ ಇಳಿಯುತ್ತದೆ, ನಡುರಾತ್ರಿಗೆ ಮತ್ತೆ 67.

ಇಡೀ ದಿನ ಉಸಿರಾಡಿದ್ದು ಎಷ್ಟು ಎಂದು ತಿಳಿಯಲು 24 ಗಂಟೆಯ ಸರಾಸರಿ ಸರಿ. ಮಾನದಂಡವೂ 24 ಗಂಟೆಗೇ ಇದೆ. ಈಗ ಮಗುವನ್ನು ಆಟಕ್ಕೆ ಹೊರಗೆ ಬಿಡಬಹುದಾ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುವುದಿಲ್ಲ. ಅದಕ್ಕೆ ಗಂಟೆಯ ಸಾಂದ್ರತೆಯನ್ನೇ ನೋಡಬೇಕು. ಅಮೆರಿಕದ ಪದ್ಧತಿಯಲ್ಲಿ ಇತ್ತೀಚಿನ ಗಂಟೆಗಳಿಗೆ ಜಾಸ್ತಿ ತೂಕ ಕೊಡುವ ಒಂದು ಲೆಕ್ಕ ಇದೆ. ವಿದೇಶಿ ಆ್ಯಪ್‌ಗಳು ಬೇಗ ಏರಿ ಬೇಗ ಇಳಿಯುವುದಕ್ಕೆ ಅದೂ ಒಂದು ಕಾರಣ.

ಮೆಟ್ಟಿಲುಗಳು ಸಮ ಇಲ್ಲ

ಪಿಎಂ 2.5ರ ಮೆಟ್ಟಿಲುಗಳನ್ನು ಇನ್ನೊಮ್ಮೆ ನೋಡಿ. 60ರಿಂದ 90ಕ್ಕೆ, ಅಂದರೆ ಬರೀ 30 ಮೈಕ್ರೋಗ್ರಾಂ ಏರಿದರೆ ಸೂಚ್ಯಂಕ 100ರಿಂದ 200 ಆಗುತ್ತದೆ. 300ರಿಂದ 400ಕ್ಕೆ ಹೋಗಲು 130 ಮೈಕ್ರೋಗ್ರಾಂ ಬೇಕು. ಹಾಗಾಗಿ ಎಕ್ಯೂಐ ದುಪ್ಪಟ್ಟಾದರೆ ಗಾಳಿ ದುಪ್ಪಟ್ಟು ಕೆಟ್ಟಿತು ಎಂದಲ್ಲ. 100ರಿಂದ 200 ಆದಾಗ ಕಣಗಳು ಒಂದೂವರೆ ಪಟ್ಟಾಗಿವೆ. 300ರಿಂದ 400 ಆದಾಗ, ಕೇಳಲು ಸಣ್ಣ ಏರಿಕೆ, ಕಣಗಳು ದುಪ್ಪಟ್ಟಿಗೂ ಜಾಸ್ತಿ. ತಿಂಗಳಿಗೆ ಎಕ್ಯೂಐ ಇಷ್ಟು ಶೇಕಡಾ ಇಳಿದಿದೆ ಎಂಬ ಸುದ್ದಿ ಓದಿದಾಗ ನಾನು ಮುಖ ಗಂಟಿಕ್ಕುವುದು ಇದಕ್ಕೇ.

ಇನ್ನು ನಮ್ಮ ಅಳತೆಪಟ್ಟಿ 500ಕ್ಕೆ ನಿಲ್ಲುತ್ತದೆ. 2024ರ ನವೆಂಬರ್ 18ರಂದು ದೆಹಲಿಯ ಎಕ್ಯೂಐ 494 ಇತ್ತು. ಪಟ್ಟಿಯ ತುದಿಗೆ ಬರೀ ಆರು ಅಂಕ. ಅದರಾಚೆ ಗಾಳಿ ಎಷ್ಟು ಕೆಟ್ಟರೂ ಅಂಕಿ ಅಲುಗಾಡದು. ಅದಕ್ಕೇ ತುದಿ ಇಲ್ಲದ ಪಟ್ಟಿ ಬಳಸುವ ಆ್ಯಪ್‌ಗಳು ಅಂಥ ದಿನಗಳಲ್ಲಿ ಸಾವಿರ ದಾಟಿದ ಅಂಕಿ ತೋರಿಸುತ್ತವೆ.

ಅತಿ ಕೆಟ್ಟದ್ದನ್ನು ಹಿಡಿಯುವುದರ ಬೆಲೆ

ಈ ಪದ್ಧತಿ ನನಗೆ ಒಪ್ಪಿಗೆ. ಆದರೆ ಅದರಲ್ಲೂ ಕಾಣದೆ ಹೋಗುವ ಸಂಗತಿಗಳಿವೆ.

ಮೊದಲನೆಯದು, ಅದು ಎರಡನೇ ಸ್ಥಾನದಲ್ಲಿರುವುದನ್ನು ಪೂರ್ತಿ ಮರೆತುಬಿಡುತ್ತದೆ. ಪಿಎಂ 10 112, ಉಳಿದವೆಲ್ಲ 10 ಇದ್ದರೂ ಎಕ್ಯೂಐ 112. ಪಿಎಂ 10 112, ಉಳಿದವೆಲ್ಲ 110 ಇದ್ದರೂ ಅದೇ 112. ಈ ಎರಡು ದಿನಗಳನ್ನು ಉಸಿರಾಡುವ ಆಸ್ತಮಾ ರೋಗಿಗೆ ಅವು ಒಂದೇ ಅಲ್ಲ. ಕೆನಡಾದವರು ಇದನ್ನು ಗಮನಿಸಿ ತಮ್ಮ ಆರೋಗ್ಯ ಸೂಚ್ಯಂಕದಲ್ಲಿ ಬೇರೆ ದಾರಿ ಹಿಡಿದರು. ಅವರು ಓಝೋನ್, ನೈಟ್ರೋಜನ್ ಡೈಆಕ್ಸೈಡ್, ಪಿಎಂ 2.5 ಮೂರರಿಂದಲೂ ಹೆಚ್ಚುವ ಅಪಾಯವನ್ನು ಲೆಕ್ಕ ಹಾಕಿ ಕೂಡಿಸುತ್ತಾರೆ. ಅವರು ಕೂಡಿಸುವುದು ಮೈಕ್ರೋಗ್ರಾಂ ಅಲ್ಲ, ಅಪಾಯ. ಹಾಗಾಗಿ ಆ ಮೊತ್ತಕ್ಕೆ ಅರ್ಥ ಇದೆ. ಬದಲಿಗೆ, ಯಾವುದಾದರೂ ಒಂದು ಮಾನದಂಡ ಮುರಿದಿದೆಯಾ ಎಂದು ಆ ಅಂಕಿ ನೋಡಿ ಹೇಳಲಾಗದು.

ಎರಡನೆಯದು ಯಂತ್ರದ ಕಥೆ. ಕೆಟ್ಟದ್ದರಲ್ಲಿ ಕೆಟ್ಟದ್ದು ಎಂದರೆ, ಅಳೆದದ್ದರಲ್ಲಿ ಕೆಟ್ಟದ್ದು ಎಂದಷ್ಟೇ ಅರ್ಥ. ಅಮೋನಿಯಾ ಯಂತ್ರ ಕೆಟ್ಟರೆ 112 ಅಲುಗುವುದಿಲ್ಲ. ಪಿಎಂ 10 ಯಂತ್ರದ ಟೇಪ್ ಹರಿದು ನಿಂತರೆ? ಪಟ್ಟಿಯ ಮೊದಲ ಸಾಲೇ ಮಾಯ, ಎಕ್ಯೂಐ 87, ತೃಪ್ತಿಕರ. ಇದಕ್ಕೆ ಒಂದಿಷ್ಟು ತಡೆ ಇದೆ. ಕನಿಷ್ಠ ಮೂರು ಮಾಲಿನ್ಯಕಾರಕಗಳ ಲೆಕ್ಕ ಇರಬೇಕು, ಅದರಲ್ಲಿ ಒಂದು ಪಿಎಂ 10 ಅಥವಾ ಪಿಎಂ 2.5 ಆಗಿರಲೇಬೇಕು, 24 ಗಂಟೆಯಲ್ಲಿ ಕನಿಷ್ಠ 16 ಗಂಟೆಯ ಅಂಕಿ ಸಿಕ್ಕಿರಬೇಕು. ಇಲ್ಲದಿದ್ದರೆ ಎಕ್ಯೂಐ ಪ್ರಕಟ ಮಾಡುವಂತಿಲ್ಲ. ಆದರೆ ಎರಡರಲ್ಲಿ ಒಂದು ಕಣ ಸಾಕು ಎನ್ನುವುದರಿಂದ ಮೇಲಿನ 87 ನಿಯಮದ ಪ್ರಕಾರ ಸರಿಯೇ. ಒಂದು ಕೇಂದ್ರದ ಅಂಕಿ ಏಕಾಏಕಿ ಇಳಿದರೆ, ಮಳೆಯೂ ಬಂದಿಲ್ಲ, ಅಕ್ಕಪಕ್ಕದ ಕೇಂದ್ರಗಳೂ ಇಳಿದಿಲ್ಲ ಎಂದರೆ, ಮೊದಲು ಪಟ್ಟಿಯಲ್ಲಿ ಯಾವ ಹೆಸರು ಕಾಣೆಯಾಗಿದೆ ಎಂದು ನೋಡಿ.

ಇನ್ನೊಂದು ಸಣ್ಣ ತಮಾಷೆ. ಒಂದು ಕೇಂದ್ರದೊಳಗೆ ಸರಾಸರಿ ಬೇಡ ಎಂದು ಇಷ್ಟೆಲ್ಲ ವಾದ ಮಾಡಿದ ಮೇಲೆ, ದಿನದ ಬುಲೆಟಿನ್‌ನಲ್ಲಿ ಬೆಂಗಳೂರಿನ ಎಕ್ಯೂಐ ಎಂದು ಬರುವ ಅಂಕಿ ಊರಿನ ಕೇಂದ್ರಗಳ ಸರಾಸರಿ! ಒಂದು ಕಡೆ 160, ಇನ್ನೊಂದು ಕಡೆ 60 ಇದ್ದರೆ ಊರಿಗೆ 110. ಆ 110 ಎರಡು ಏರಿಯಾದಲ್ಲಿ ಯಾರ ಮೂಗಿಗೂ ಬಂದದ್ದಲ್ಲ. ಹತ್ತಿರದ ಕೇಂದ್ರ ನೋಡುವುದೇ ಒಳ್ಳೆಯದು.

ಗ್ರೂಪಿನ ಜಗಳ ಅಲ್ಲಿಗೆ ತಣ್ಣಗಾಯಿತು. ಕೆಲವು ವಾರದ ನಂತರ ಅಕಾಲದ ಮಳೆ ಒಂದು ಸುರಿದು, ಎರಡು ದಿನ ಬಿಟ್ಟು ಚೆನ್ನಾಗಿ ಬಿಸಿಲು ಬಂತು. ರಾಯರು ಮತ್ತೆ ಸ್ಕ್ರೀನ್‌ಶಾಟ್ ಹಾಕಿದರು. ಎಕ್ಯೂಐ 60, ಮುಖ್ಯ ಕಾರಣ ಓಝೋನ್. ಕೆಳಗೆ ಅವರ ಪ್ರಶ್ನೆ: 'ಇದೇನ್ ಸಾರ್, ಮಳೆ ಬಂದ್ಮೇಲೆ ಓಝೋನ್ ಜಾಸ್ತಿ ಆಯ್ತಾ?'

ನಾನು ಉತ್ತರ ಟೈಪ್ ಮಾಡುವಷ್ಟರಲ್ಲಿ ಎದುರು ಮನೆ ಹುಡುಗಿ ಬರೆದಿದ್ದಳು: 'ಇಲ್ಲ ಅಂಕಲ್, ಓಝೋನ್ ಅವತ್ತೂ 60 ಇತ್ತು, ಇವತ್ತೂ 60. ಪಿಎಂ 10ರ ಉಪ ಸೂಚ್ಯಂಕ 45ಕ್ಕೆ ಇಳಿದಿದೆ, ಪಿಎಂ 2.5ರದು 47ಕ್ಕೆ. ಮುಂದೆ ನಿಂತಿದ್ದೋರು ಹೋದ್ರು, ಹಿಂದೆ ಇದ್ದಿದ್ದು ಕಾಣಿಸ್ತಿದೆ ಅಷ್ಟೇ.'